ಮನೆಯ ಪವರ್‌ಪಾಯಿಂಟ್, ಶಾಲೆಯ ಇಂಪ್ರೆಸ್: ಕನ್ನಡ ಸ್ಲೈಡುಗಳೊಂದಿಗೆ ನಾಲ್ಕು ವರ್ಷ

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಲ್ಯಾಪ್‌ಟಾಪ್‌ಗಳಲ್ಲಿರುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಟ್ಟ ಲಿನಕ್ಸ್, ಅದರಲ್ಲಿ ಲಿಬ್ರೆಆಫೀಸ್ ಇಂಪ್ರೆಸ್. ಮನೆಯಲ್ಲಿ ವಿಂಡೋಸ್, ಪವರ್‌ಪಾಯಿಂಟ್. ರಾತ್ರಿ ಮನೆಯಲ್ಲಿ ಮಾಡಿದ ಪಾಠ ಬೆಳಿಗ್ಗೆ ತರಗತಿಯಲ್ಲಿ ಹಾಗೆಯೇ ಕಾಣಬೇಕು, ನನ್ನ ಅಗತ್ಯ ಇಷ್ಟೇ. ನಾಲ್ಕು ವರ್ಷ ಇಂಪ್ರೆಸ್ ಬಳಸಿದ ಮೇಲೆ ಹೇಳುತ್ತೇನೆ: ಕನ್ನಡಕ್ಕೆ ಇದು ನಂಬಬಹುದಾದ ತಂತ್ರಾಂಶ. ಆದರೆ ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಗೊತ್ತಿರಬೇಕು.

ನನ್ನ ಚಂದ್ರಗಿರಿ ಹೊಳೆಯ ಪಾಠವನ್ನೇ ತೆಗೆದುಕೊಳ್ಳಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕಾಸರಗೋಡಿನ ಹತ್ತಿರ ಸಮುದ್ರ ಸೇರುವವರೆಗಿನ ದಾರಿ, ಒಟ್ಟು 22 ಸ್ಲೈಡು. ಅದರಲ್ಲಿ ಆರು ಸ್ಲೈಡುಗಳನ್ನು ಹಿಂದೆ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಶಾಲೆಯಲ್ಲಿ ತೆರೆದಾಗ ಉಳಿದ ಸ್ಲೈಡುಗಳೆಲ್ಲ ಓದಲು ಬಂದವು, ಆ ಆರರಲ್ಲಿ ಮಾತ್ರ "ಕರ್ನಾಟಕ" ಇದ್ದ ಕಡೆ ಹೀಗೆ ಕಂಡಿತು:

```
PÀ£ÁðlPÀ
```

"ಟೀಚರ್, ಇದು ಯಾವ ಭಾಷೆ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

ಇದು ಇಂಪ್ರೆಸ್‌ನ ತಪ್ಪಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ಆಕಾರ ಕೊಡುವುದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ಒಳಗಿನದು ಬಯಲಾಗುತ್ತದೆ. ಯುನಿಕೋಡ್ ಫಾಂಟು ಆಯ್ಕೆ ಮಾಡಿದರೂ ಸರಿಯಾಗುವುದಿಲ್ಲ, ಅಲ್ಲಿ ಕನ್ನಡವೇ ಇಲ್ಲವಲ್ಲ. ಪರಿವರ್ತಕದ ಮೂಲಕ ಪಠ್ಯವನ್ನೇ ಯುನಿಕೋಡ್‌ಗೆ ಬದಲಾಯಿಸಬೇಕು.

ಪರಿವರ್ತಿಸಿದ ಮೇಲೆ ಮೊದಲು ನೋಡಬೇಕಾದದ್ದು ಅರ್ಕಾವತ್ತು. ಮೇಲಿನ ಸಾಲಿನಲ್ಲಿ `£Á` ಅಂದರೆ ನಾ, ಅದರ ನಂತರದ `ð` ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅದು ಅಕ್ಷರದ ಹಿಂದೆ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ರ, ವಿರಾಮ, ಆಮೇಲೆ ನಾ. ಪರಿವರ್ತಕ ಇದನ್ನು ಹಿಂದುಮುಂದು ಮಾಡಲೇಬೇಕು. ಅರ್ಕಾವತ್ತಿನ ಜೊತೆಗೆ ಇನ್ನೊಂದು ಒತ್ತಕ್ಷರವೋ ದೀರ್ಘವೋ ಬಂದಲ್ಲಿ ಎಡವುವ ಸಂಭವ ಹೆಚ್ಚು. ಅದಕ್ಕೆ ವರ್ಷ, ಮಾರ್ಗ, ತೀರ್ಥ, ಕಾರ್ಯ ಇಂಥ ಪದಗಳನ್ನು ನಾನು ಒಂದೊಂದಾಗಿ ಹುಡುಕಿ ನೋಡುತ್ತೇನೆ.

ಇಲ್ಲೇ ಅನಿಮೇಷನ್ನೂ ಕಳೆದುಹೋಗುತ್ತದೆ. ಸಾಲುಗಳು ಒಂದೊಂದಾಗಿ ಬರುವಂತೆ ಮಾಡಿದ್ದರೆ, ಫೈಲು ನೆನಪಿಟ್ಟುಕೊಳ್ಳುವುದು "ಈ ಪೆಟ್ಟಿಗೆಯ ಇಷ್ಟನೇ ಪ್ಯಾರಾ" ಎಂದು. ಪೆಟ್ಟಿಗೆಯ ಪಠ್ಯವನ್ನೆಲ್ಲ ಅಳಿಸಿ ಹೊಸದನ್ನು ಅಂಟಿಸಿದರೆ ಪ್ಯಾರಾಗಳ ಜೊತೆ ಅವುಗಳ ಅನಿಮೇಷನ್ನೂ ಹೋಯಿತು. ಮೊದಲ ಸಲ ಆರು ಸ್ಲೈಡಿನಲ್ಲೂ ಹೀಗಾಗಿ ಮತ್ತೆ ಮಾಡಬೇಕಾಯಿತು. ಈಗ ಒಂದು ಸಾಲಿನ ಅಕ್ಷರಗಳನ್ನು ಮಾತ್ರ ಆಯ್ದು, ಕೊನೆಯ ಎಂಟರ್ ಮುಟ್ಟದೆ, ಅದರ ಮೇಲೆಯೇ ಅಂಟಿಸುತ್ತೇನೆ. ನಿಧಾನ, ಆದರೆ ಅನಿಮೇಷನ್ ಉಳಿಯುತ್ತದೆ.

ಯುನಿಕೋಡ್‌ನಲ್ಲೇ ಇದ್ದ ಹದಿನಾರು ಸ್ಲೈಡುಗಳಲ್ಲಿ ತೊಂದರೆ ಬೇರೆ. ಅಕ್ಷರ ಸರಿ, ಆದರೆ ಸಾಲುಗಳು ಬೇರೆ ಕಡೆ ಮುರಿದು, ಕೆಳಗಿನ ಸಾಲು ನಕ್ಷೆಯ ಮೇಲೆ ಕೂತಿತ್ತು. ಕಾರಣ ಹುಡುಕಲು ಈ ಆದೇಶ ಸಾಕಾಯಿತು. ಪಿಪಿಟಿಎಕ್ಸ್ ಅಂದರೆ ಒಂದು ಜಿಪ್ ಫೈಲು, ಒಳಗೆ ಯಾವ ಫಾಂಟಿನ ಹೆಸರು ಎಷ್ಟು ಸಲ ಇದೆ ಎಂದು ತೋರಿಸುತ್ತದೆ:

```
unzip -p hole.pptx 'ppt/slides/slide*.xml' |
  grep -o '<a:[a-z]* typeface="[^"]*"' | sort | uniq -c
```

ನನ್ನ ಫೈಲಿನಲ್ಲಿ `a:latin` ಎದುರು ನೋಟೋ ಸಾನ್ಸ್ ಕನ್ನಡ ಇತ್ತು, `a:cs` ಎಂಬ ಸಾಲು ಹೆಚ್ಚಿನ ಕಡೆ ಇರಲೇ ಇಲ್ಲ. ಕನ್ನಡದಂಥ ಲಿಪಿಗಳಿಗೆ ಅನ್ವಯಿಸುವುದು ಈ ಎರಡನೆಯದು. ಅದು ಇಲ್ಲದಿದ್ದರೆ ಪವರ್‌ಪಾಯಿಂಟ್ ಥೀಮಿನ ಫಾಂಟಿಗೆ ಹೋಗುತ್ತದೆ. ಆಫೀಸಿನ ಸಾಮಾನ್ಯ ಥೀಮಿನಲ್ಲಿ ಕನ್ನಡದ ಎದುರು ಬರೆದಿರುವುದು ಟುಂಗಾ. ಶಾಲೆಯ ಲಿನಕ್ಸಿನಲ್ಲಿ ಟುಂಗಾ ಇಲ್ಲ, ಅದು ತನ್ನಲ್ಲಿದ್ದ ಬೇರೆ ಕನ್ನಡ ಫಾಂಟನ್ನು ಹಾಕಿಕೊಂಡಿತು. ಒಂದೇ 28 ಪಾಯಿಂಟಿನಲ್ಲೂ ಎರಡು ಫಾಂಟುಗಳ ಅಗಲ, ಸಾಲಿನ ಎತ್ತರ ಬೇರೆ ಬೇರೆ. ಅಷ್ಟಕ್ಕೇ ಪುಟ ಕೆಟ್ಟಿತು.

ಪರಿಹಾರ ಇಂಪ್ರೆಸ್‌ನಲ್ಲೇ ಚೆನ್ನಾಗಿದೆ. ಸೆಟ್ಟಿಂಗಿನ ಭಾಷಾ ವಿಭಾಗದಲ್ಲಿ `Complex text layout` ಟಿಕ್ ಮಾಡಿ ಭಾಷೆ ಕನ್ನಡ ಎಂದು ಕೊಟ್ಟರೆ, ಅಕ್ಷರಗಳ ಪೆಟ್ಟಿಗೆಯಲ್ಲಿ ಪಾಶ್ಚಾತ್ಯ ಫಾಂಟು ಬೇರೆ, ಕನ್ನಡದ ಫಾಂಟು ಬೇರೆ ಎಂದು ಎರಡು ಜಾಗ ಸಿಗುತ್ತದೆ. ಎರಡನೆಯ ಜಾಗದಲ್ಲಿ ನೋಟೋ ಸಾನ್ಸ್ ಕನ್ನಡ ಹಾಕಿದೆ, ಮಾಸ್ಟರ್ ಸ್ಲೈಡಿನಲ್ಲೂ ಹಾಕಿದೆ. ನೋಟೋ ಮುಕ್ತ ಪರವಾನಗಿಯ ಫಾಂಟು. ಪೆನ್‌ಡ್ರೈವಿನಲ್ಲಿ ಒಯ್ದು ಶಾಲೆಯ ಯಂತ್ರದಲ್ಲಿ `~/.local/share/fonts` ಒಳಗೆ ಹಾಕಿದರೆ ಅಡ್ಮಿನ್ ಪಾಸ್‌ವರ್ಡ್ ಬೇಡ. ಬಂದಿದೆಯೋ ಎಂದು `fc-list :lang=kn family` ಹೇಳುತ್ತದೆ. ಫಾಂಟು ಇಲ್ಲದಿದ್ದರೆ ಇಂಪ್ರೆಸ್ ಅದರ ಹೆಸರನ್ನು ಮೇಲಿನ ಪಟ್ಟಿಯಲ್ಲಿ ಓರೆ ಅಕ್ಷರದಲ್ಲಿ ತೋರಿಸುತ್ತದೆ. ಈ ಸಣ್ಣ ಸೂಚನೆ ನನಗೆ ಬಹಳ ಸಲ ಉಪಕಾರ ಮಾಡಿದೆ.

ಪೆಟ್ಟಿಗೆ ತುಂಬಿದರೆ ಅಕ್ಷರ ತಾನಾಗಿ ಕುಗ್ಗುವ ವ್ಯವಸ್ಥೆಯನ್ನು ಎರಡೂ ಕಡೆ ಆರಿಸಿಬಿಡಿ. ಇಂಪ್ರೆಸ್‌ನಲ್ಲಿ ಅದರ ಹೆಸರು `Shrink on overflow`. ಎರಡು ತಂತ್ರಾಂಶಗಳು ಕುಗ್ಗಿಸುವ ಲೆಕ್ಕ ಒಂದೇ ಅಲ್ಲ. ನಾನು ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡುತ್ತೇನೆ.

ಇನ್ನು ಹೊಳೆಯ ಹರಿವು. ಮನೆಯಲ್ಲಿ ಅದನ್ನು ಪವರ್‌ಪಾಯಿಂಟಿನ ಮಾರ್ಫ್ ಎಂಬ ಸ್ಲೈಡು ಬದಲಾಗುವ ಪರಿಣಾಮದಲ್ಲಿ ಮಾಡಿದ್ದೆ, ನಕ್ಷೆ ನಿಧಾನವಾಗಿ ಬೆಟ್ಟದಿಂದ ಕಡಲಿಗೆ ಸರಿಯುತ್ತಿತ್ತು. ಇಂಪ್ರೆಸ್‌ನಲ್ಲಿ ಮಾರ್ಫ್ ಇಲ್ಲ. ಮಾರ್ಫ್ ಗೊತ್ತಿಲ್ಲದ ತಂತ್ರಾಂಶಕ್ಕೆಂದು ಫೈಲಿನಲ್ಲೇ ಬದಲಿಯಾಗಿ ಫೇಡ್ ಬರೆದಿರುತ್ತದೆ, ಅದಷ್ಟೇ ಕಂಡಿತು. ಅಪಿಯರ್, ಫೇಡ್, ವೈಪ್‌ನಂಥ ಸರಳ ಪರಿಣಾಮಗಳು ಮಾತ್ರ ನನ್ನ ಫೈಲುಗಳಲ್ಲಿ ಎರಡೂ ಕಡೆ ಸರಿಯಾಗಿ ದಾಟಿವೆ. ಅದಕ್ಕೆ ಮಾರ್ಫ್ ಬಿಟ್ಟೆ. ನಕ್ಷೆಯ ಮೇಲೆ ಹೊಳೆಯನ್ನು ನೀಲಿ ವಕ್ರರೇಖೆಯಾಗಿ ಮೂರು ತುಂಡಿನಲ್ಲಿ ಎಳೆದು, ಪ್ರತಿ ತುಂಡಿಗೂ ಬಲದಿಂದ ವೈಪ್ ಕೊಟ್ಟೆ. ಹೊಳೆ ಹರಿಯುವುದು ಪಡುವಣಕ್ಕಾದ್ದರಿಂದ ನಕ್ಷೆಯಲ್ಲಿ ಬಲದಿಂದ ಎಡಕ್ಕೇ ಬರಬೇಕು. ಒಂದೊಂದು ತುಂಡಿಗೆ ಎರಡು ಸೆಕೆಂಡು. ಮಕ್ಕಳಿಗೆ ಮಾರ್ಫ್‌ಗಿಂತ ಇದೇ ಸ್ಪಷ್ಟವಾಯಿತು, ತುಂಡು ನಿಂತಲ್ಲಿ ಊರಿನ ಹೆಸರು ಹೇಳಿಸಬಹುದು.

ಊರಿನ ಹೆಸರುಗಳನ್ನು ಮಲಯಾಳದಲ್ಲೂ ಸೇರಿಸುವವರಿಗೊಂದು ಮಾತು: ನೋಟೋ ಸಾನ್ಸ್ ಕನ್ನಡದಲ್ಲಿ ಮಲಯಾಳ ಅಕ್ಷರಗಳಿಲ್ಲ. ಆ ಹೆಸರುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಅದಕ್ಕೆ ಮಲಯಾಳದ ಫಾಂಟನ್ನೇ ಕೊಡಿ.

ಈಗ ಮೂಲ ಫೈಲನ್ನು ಇಂಪ್ರೆಸ್‌ನದೇ ಆದ ಒಡಿಪಿ ರೂಪದಲ್ಲಿಯೇ ಇಟ್ಟುಕೊಳ್ಳುತ್ತೇನೆ. ಮನೆಯ ವಿಂಡೋಸ್‌ಗೂ ಲಿಬ್ರೆಆಫೀಸ್ ಹಾಕಿದ್ದೇನೆ. ಫೈಲಿನ ಪ್ರಾಪರ್ಟಿಯಲ್ಲಿ ಫಾಂಟು ಸೇರಿಸುವ ಆಯ್ಕೆ ಇದೆ, ಅಲ್ಲಿ `Complex fonts` ಟಿಕ್ ಇರಲೇಬೇಕು, ಇಲ್ಲದಿದ್ದರೆ ಕನ್ನಡದ ಫಾಂಟು ಒಳಗೆ ಬರುವುದಿಲ್ಲ. ಪಿಪಿಟಿಎಕ್ಸ್ ಮಾಡುವುದು ಬೇರೆಯವರು ಕೇಳಿದಾಗ ಮಾತ್ರ, ಅದೂ ಒಂದು ಪ್ರತಿಯಾಗಿ. ಆ ಪ್ರತಿಯನ್ನು ತಿದ್ದಿ ಮತ್ತೆ ಮೂಲಕ್ಕೆ ತರುವುದಿಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ. ಒಂದು ಕಳೆದದ್ದು ಕನ್ನಡದ ಫಾಂಟಿನ ಜಾಗ ಮೊದಲೇ ಕಾಣದೆ, ಸೆಟ್ಟಿಂಗಿನಲ್ಲಿ ಹುಡುಕಿ ತೆರೆಯಬೇಕಾಗಿರುವುದಕ್ಕೆ.