ಹನ್ನೊಂದು ಹೆಸರುಗಳ ಮೆನು ಪಟ್ಟಿ ಮತ್ತು ಸಣ್ಣ ಪರದೆ: ಒಂದು ಥೀಮಿನ ದೀರ್ಘ ಬಳಕೆಯ ವಿಮರ್ಶೆ

ಮೈಸೂರಿನ ದೇವರಾಜ ಮಾರುಕಟ್ಟೆಯ ಸಮೀಪದಲ್ಲಿ ನಮ್ಮ ಸಂಬಂಧಿಕರೊಬ್ಬರು ರೇಷ್ಮೆ ಸೀರೆ, ಅಗರಬತ್ತಿ, ಗಂಧದ ಕೆತ್ತನೆ ಮುಂತಾದ ಊರಿನ ಸರಕುಗಳ ಅಂಗಡಿ ನಡೆಸುತ್ತಾರೆ. ಅದರ ವೆಬ್‌ಸೈಟನ್ನು ನೋಡಿಕೊಳ್ಳುವ ಹೊಣೆ ನನ್ನದು. ಹಣ ಕೊಟ್ಟು ಕೊಂಡ, ಬೂಟ್‌ಸ್ಟ್ರ್ಯಾಪ್ ಆಧಾರಿತ ಥೀಮೊಂದರ ಮೇಲೆ ಅದು ಹಲವು ದಸರಾಗಳನ್ನು ಕಂಡಿದೆ. ಥೀಮಿನ ಬಣ್ಣ, ಅಕ್ಷರ, ವೇಗಗಳ ಬಗ್ಗೆ ನನ್ನ ತಕರಾರಿಲ್ಲ. ಈ ವಿಮರ್ಶೆ ಅದರ ಮೆನು ಪಟ್ಟಿಗೆ ಸೀಮಿತ, ಏಕೆಂದರೆ ಮಾರಾಟದ ಪುಟದಲ್ಲಿ ‘ಎಷ್ಟು ಹೆಸರುಗಳನ್ನಾದರೂ ಸೇರಿಸಬಹುದು, ಎಲ್ಲ ಪರದೆಗೂ ಹೊಂದುತ್ತದೆ’ ಎಂದು ಬರೆದಿರುವುದು ಆ ಭಾಗದ ಬಗ್ಗೆಯೇ.

ನಮ್ಮ ಪಟ್ಟಿಯಲ್ಲಿದ್ದ ಹೆಸರುಗಳು ಹನ್ನೊಂದು: ಮುಖಪುಟ, ರೇಷ್ಮೆ ಸೀರೆಗಳು, ಅಗರಬತ್ತಿ, ಗಂಧದ ಕೆತ್ತನೆ, ಬೀಟೆ ಮರದ ಕುಸುರಿ, ಉಡುಗೊರೆಗಳು, ಸಗಟು ಮಾರಾಟ, ನಮ್ಮ ಬಗ್ಗೆ, ವಿಳಾಸ ಮತ್ತು ಸಮಯ, ಸಂಪರ್ಕ, ಬುಟ್ಟಿ. ಇಷ್ಟು ಹೆಸರುಗಳು ಮೊಬೈಲಿನಲ್ಲಿ ಗೊಂದಲ ಹುಟ್ಟಿಸುತ್ತವೆಯೇ ಎಂಬ ಪ್ರಶ್ನೆಗೆ ಎಣಿಕೆಯಿಂದ ಉತ್ತರ ಸಿಗುವುದಿಲ್ಲವೆಂದು ಈಗ ನಿಸ್ಸಂಶಯವಾಗಿ ಹೇಳಬಲ್ಲೆ. ಪಟ್ಟಿ ಕೆಡುವ ಮೊದಲ ಜಾಗ ಮೊಬೈಲ್ ಅಲ್ಲವೇ ಅಲ್ಲ.

ಬೂಟ್‌ಸ್ಟ್ರ್ಯಾಪಿನಲ್ಲಿ `navbar-expand-lg` ಎಂಬ ಗುರುತಿದ್ದರೆ ಪರದೆಯ ಅಗಲ 992 ಪಿಕ್ಸೆಲ್ ಅಥವಾ ಹೆಚ್ಚಿದ್ದಾಗ ಹೆಸರುಗಳು ಅಡ್ಡ ಸಾಲಿನಲ್ಲಿ ಹರಡಿಕೊಳ್ಳುತ್ತವೆ. ಅದಕ್ಕಿಂತ ಕಡಿಮೆಯಾದರೆ ಮೂರು ಗೆರೆಗಳ ಗುಂಡಿಯೊಳಗೆ ಅಡಗುತ್ತವೆ. ಥೀಮ್ ಮಾಡಿದವರು ಚಿಕ್ಕ ಇಂಗ್ಲಿಷ್ ಹೆಸರುಗಳನ್ನು ಇಟ್ಟು ಈ ಗಡಿಯನ್ನು ಆರಿಸಿದ್ದಾರೆ. ನಮ್ಮ ಕನ್ನಡ ಹೆಸರುಗಳು ಲೋಗೊ ಸೇರಿ ಸುಮಾರು 1,100 ಪಿಕ್ಸೆಲ್ ಬೇಡುತ್ತವೆ. ಹಾಗಾಗಿ 992ರಿಂದ 1,100ರ ನಡುವಿನ ಪರದೆಗಳಲ್ಲಿ ಪಟ್ಟಿ ಎರಡು ಸಾಲಾಗಿ ಮುರಿದು, ‘ಬೀಟೆ ಮರದ’ ಮೇಲಿನ ಸಾಲಿನಲ್ಲೂ ‘ಕುಸುರಿ’ ಕೆಳಗಿನ ಸಾಲಿನಲ್ಲೂ ಕುಳಿತು, ಪುಟದ ಶೀರ್ಷಿಕೆಯನ್ನು ಮುಚ್ಚುತ್ತಿತ್ತು. ಅಡ್ಡ ಹಿಡಿದ 1,024 ಪಿಕ್ಸೆಲ್ ಅಗಲದ ಟ್ಯಾಬ್ಲೆಟ್ ಈ ನಡುವಿನಲ್ಲಿ ಬರುತ್ತದೆ. 1,366 ಪಿಕ್ಸೆಲ್ ಅಗಲದ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಯಾರಾದರೂ ಅಕ್ಷರ ಕಾಣಲೆಂದು ಪುಟವನ್ನು 125 ಪ್ರತಿಶತಕ್ಕೆ ಹಿಗ್ಗಿಸಿದರೂ ಬ್ರೌಸರಿನ ಲೆಕ್ಕದಲ್ಲಿ ಅಗಲ 1,093ಕ್ಕೆ ಇಳಿದು ಅದೇ ಅವಸ್ಥೆ ಬರುತ್ತದೆ. ಕನ್ನಡಕ ಹಾಕುವ ವಯಸ್ಸಿನ ಗಿರಾಕಿಗಳು ಪುಟ ಹಿಗ್ಗಿಸಿಯೇ ಓದುವುದರಿಂದ ಇದನ್ನು ಅಪರೂಪದ ಸಂದರ್ಭವೆಂದು ತಳ್ಳಿಹಾಕುವಂತಿಲ್ಲ. ಮೊಬೈಲಿನಲ್ಲಿ ಒಮ್ಮೆ, ಹಿಗ್ಗಿಸದ ಲ್ಯಾಪ್‌ಟಾಪಿನಲ್ಲಿ ಒಮ್ಮೆ ನೋಡಿ ತೃಪ್ತರಾಗುವವರಿಗೆ ಈ ದೋಷ ಕಾಣುವುದೇ ಇಲ್ಲ. ಬ್ರೌಸರಿನ ಕಿಟಕಿಯನ್ನು ಅಂಚು ಹಿಡಿದು ನಿಧಾನವಾಗಿ ಕಿರಿದು ಮಾಡುತ್ತ ಹೋದರೆ ಮಾತ್ರ ಕಣ್ಣಿಗೆ ಬೀಳುತ್ತದೆ. `lg` ಬದಲು `xl` ಎಂದು ಬರೆದರೆ ಗಡಿ 1,200ಕ್ಕೆ ಏರಿ ತೊಂದರೆ ಪೂರ್ತಿ ನೀಗುತ್ತದೆ. ಇಷ್ಟು ಸಣ್ಣ ಬದಲಾವಣೆಗೂ ಥೀಮಿನ ಸೆಟ್ಟಿಂಗ್‌ನಲ್ಲಿ ಜಾಗವಿಲ್ಲ, ಫೈಲನ್ನೇ ತಿದ್ದಬೇಕು.

ಇನ್ನು ಮೊಬೈಲಿಗೆ ಬರೋಣ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಗುಂಡಿ ಒತ್ತಿದರೆ ಹನ್ನೊಂದು ಸಾಲುಗಳು ತಲಾ 48 ಪಿಕ್ಸೆಲ್ ಎತ್ತರದಲ್ಲಿ ತೆರೆದುಕೊಳ್ಳುತ್ತವೆ. ಬೆರಳಿಗೆ ಈ ಎತ್ತರ ಚೆನ್ನಾಗಿದೆ, ಅದನ್ನು ಕಡಿಮೆ ಮಾಡಿ ಜಾಗ ಉಳಿಸುವ ಆಸೆ ಬೇಡ. ಆದರೆ ಒಟ್ಟು 528 ಪಿಕ್ಸೆಲ್ ಆಯಿತು, ಮೇಲಿನ ಪಟ್ಟಿಯ 56 ಸೇರಿದರೆ 584. ಫೋನನ್ನು ನೆಟ್ಟಗೆ ಹಿಡಿದಾಗ ಹೇಗೋ ಹಿಡಿಸುತ್ತದೆ. ಅಡ್ಡ ಹಿಡಿದಾಗ, ವಿಳಾಸದ ಪಟ್ಟಿ ಕಳೆದು ಸುಮಾರು 300 ಪಿಕ್ಸೆಲ್ ಮಾತ್ರ ಉಳಿಯುವುದರಿಂದ, ಐದು ಸಾಲುಗಳಷ್ಟೇ ಕಾಣುತ್ತವೆ. ಈ ಥೀಮಿನಲ್ಲಿ ಮೇಲಿನ ಪಟ್ಟಿ `fixed-top`, ಎಂದರೆ ಪರದೆಗೆ ಅಂಟಿಕೊಂಡಿರುತ್ತದೆ. ಬೆರಳಿನಿಂದ ಸರಿಸಿದರೆ ಹಿಂದಿನ ಪುಟ ಸರಿಯುತ್ತದೆಯೇ ಹೊರತು ಮೆನು ಅಲುಗುವುದಿಲ್ಲ. ವಿಳಾಸ, ಸಂಪರ್ಕ, ಬುಟ್ಟಿ ಸೇರಿ ಕೊನೆಯ ಆರನ್ನು ತಲುಪಲು ದಾರಿಯೇ ಇರಲಿಲ್ಲ. ಫೋನಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಂಡವರಿಗೆ ನೆಟ್ಟಗೆ ಹಿಡಿದಾಗಲೂ ಹೀಗೆಯೇ ಆಗಬಹುದು. ಕೆಳಗಿನ ಸಾಲುಗಳನ್ನು ಸೇರಿಸಿದ ಮೇಲೆ ಮೆನು ತನ್ನೊಳಗೇ ಸರಿಯಲಾರಂಭಿಸಿತು:

```css
@media (max-width: 1199.98px) {
  .navbar-collapse {
    max-height: calc(100dvh - 56px);
    overflow-y: auto;
  }
}
```

ಇಲ್ಲಿ `100vh` ಬರೆದರೆ ಬ್ರೌಸರಿನ ವಿಳಾಸದ ಪಟ್ಟಿಯ ಎತ್ತರ ಲೆಕ್ಕಕ್ಕೆ ಬಾರದೆ ಕೊನೆಯ ಸಾಲು ಮತ್ತೆ ಕೆಳಗೆ ಅಡಗಬಹುದು, ಅದಕ್ಕಾಗಿ `dvh`. ಇದೇ ಫೈಲಿನಲ್ಲಿ ಸಾಲುಗಳ ಎತ್ತರವನ್ನು ಬಿಗಿಯಾಗಿ ಕಟ್ಟಿ, ಮೀರಿದ್ದನ್ನು ಕತ್ತರಿಸುವ ನಿಯಮವೂ ಇತ್ತು. ‘ರೇಷ್ಮೆ’ಯ ಒತ್ತಕ್ಷರ ಅರ್ಧ ಕಾಣೆಯಾಗಿದ್ದುದಕ್ಕೆ ಅದೇ ಕಾರಣ.

ಇವೆಲ್ಲ ಅಳತೆಯ ದೋಷಗಳು, ಅಳೆದರೆ ಸಿಗುತ್ತವೆ. ಗೊಂದಲವನ್ನು ಮಾತ್ರ ಅಳತೆಪಟ್ಟಿಯಿಂದ ಹಿಡಿಯಲಾಗದು, ಬಳಸುವವರ ಬೆರಳನ್ನೇ ನೋಡಬೇಕು. ಅಂಗಡಿಗೆ ಬಂದ ಕೆಲವು ಗಿರಾಕಿಗಳ ಕೈಗೆ ಸೈಟ್ ತೆರೆದಿದ್ದ ಫೋನನ್ನು ಕೊಟ್ಟು, ಈ ಅಂಗಡಿ ಭಾನುವಾರ ತೆರೆದಿರುತ್ತದೆಯೇ ಎಂದು ಕಂಡುಹಿಡಿಯಲು ಕೇಳುತ್ತಿದ್ದೆ. ‘ಸಮಯ’ ಎಂಬ ಪದವನ್ನು ಬೇಕೆಂದೇ ಬಳಸುತ್ತಿರಲಿಲ್ಲ, ಬಳಸಿದರೆ ಉತ್ತರವನ್ನೇ ಕೈಗಿತ್ತಂತಾಗುತ್ತದೆ. ಮೊದಲ ಒತ್ತು ಎಲ್ಲಿ ಬೀಳುತ್ತದೆ, ಮೆನುವನ್ನು ಮುಚ್ಚಿ ಮತ್ತೆ ತೆರೆಯುತ್ತಾರೆಯೇ, ತಪ್ಪು ಪುಟಕ್ಕೆ ಹೋಗಿ ಹಿಂದಿರುಗುತ್ತಾರೆಯೇ ಎಂಬುದನ್ನಷ್ಟೇ ಗಮನಿಸಿದೆ.

ಸಾಲುಗಳು ಹನ್ನೊಂದಿವೆ ಎಂದು ಯಾರೂ ತಡವರಿಸಲಿಲ್ಲ. ಕೆಳಗಿಳಿಯುವ ಪಟ್ಟಿಯನ್ನು ಜನ ಸರಾಗವಾಗಿ ಕಣ್ಣಾಡಿಸಿ ಓದುತ್ತಾರೆ. ತಡವರಿಸಿದ್ದು ‘ಸಂಪರ್ಕ’ ಮತ್ತು ‘ವಿಳಾಸ ಮತ್ತು ಸಮಯ’ ಎಂಬ ಎರಡು ಹೆಸರುಗಳ ನಡುವೆ, ಸರಕು ಹುಡುಕುವಾಗ ಅಂಥದೇ ಇನ್ನೊಂದು ಜೋಡಿಯಾದ ‘ಉಡುಗೊರೆಗಳು’ ಮತ್ತು ‘ಗಂಧದ ಕೆತ್ತನೆ’ಗಳ ನಡುವೆ. ಮಂಡ್ಯದಿಂದ ಬಂದಿದ್ದ ಒಬ್ಬರು, “ಎರಡ್ರಲ್ಲೂ ಅದೇ ಇರ್ಬೇಕಲ್ವಾ ಸಾರ್, ಯಾವ್ದು ಒತ್ಲಿ?” ಎಂದು ಕೇಳಿದ ಪ್ರಶ್ನೆ ನನಗೆ ಯಾವ ಲೆಕ್ಕಾಚಾರಕ್ಕಿಂತಲೂ ಹೆಚ್ಚು ತಿಳಿಸಿತು. ದೊಡ್ಡ ಪರದೆಯಲ್ಲಿ ಈ ಜೋಡಿಗಳು ಒಂದೇ ಸಾಲಿನಲ್ಲಿ ಒಟ್ಟಿಗೆ ಕಾಣುವುದರಿಂದ ಹೋಲಿಸಿ ಆರಿಸಬಹುದು. ಮೊಬೈಲಿನಲ್ಲಿ ತಪ್ಪು ಪುಟ ತೆರೆದ ಕ್ಷಣವೇ ಪಟ್ಟಿ ಮುಚ್ಚಿಹೋಗುತ್ತದೆ, ಇನ್ನೊಂದು ಹೆಸರಿತ್ತೆಂಬ ನೆನಪೂ ಅದರೊಂದಿಗೆ ಹೋಗುತ್ತದೆ. ಸಣ್ಣ ಪರದೆಯ ಗೊಂದಲ ನನ್ನ ಅನುಭವದಲ್ಲಿ ಇದೇ. ಇದರ ಜೊತೆಗೆ, ಮೂರು ಗೆರೆಗಳ ಗುಂಡಿ ಏನೆಂದು ಹಿರಿಯರಲ್ಲಿ ಕೆಲವರಿಗೆ ತಿಳಿಯಲೇ ಇಲ್ಲ. ಅದರ ಪಕ್ಕದಲ್ಲಿ ‘ಮೆನು’ ಎಂದು ಬರೆದದ್ದು ಸಾಕಾಯಿತು.

ಉಪಪಟ್ಟಿಗಳನ್ನು ಮಾಡಿ ಹೆಸರುಗಳನ್ನು ಒಳಗೆ ತಳ್ಳುವ ಸೌಲಭ್ಯ ಥೀಮಿನಲ್ಲಿದೆ, ಆದರೆ ಅದು ಮೌಸ್ ಹತ್ತಿರ ತಂದಾಗ ತೆರೆಯುವಂಥದು. ಬೆರಳಿಗೆ ‘ಹತ್ತಿರ ತರುವುದು’ ಎಂಬ ಕ್ರಿಯೆ ಇಲ್ಲದ್ದರಿಂದ ಹಲವು ಫೋನುಗಳಲ್ಲಿ ಮೊದಲ ಒತ್ತಿಗೇ ಮೇಲಿನ ಪುಟ ತೆರೆದುಬಿಡುತ್ತದೆ, ಒಳಗಿನವು ಕಾಣುವುದಿಲ್ಲ. ಅದನ್ನು ಕೈಬಿಟ್ಟು ಹೆಸರುಗಳನ್ನೇ ಕೂಡಿಸಿದೆ. ‘ಸಂಪರ್ಕ’ ಮತ್ತು ‘ವಿಳಾಸ ಮತ್ತು ಸಮಯ’ ಒಂದೇ ಪುಟವಾಗಿ ‘ವಿಳಾಸ’ ಎಂಬ ಹೆಸರು ಪಡೆದವು. ‘ಉಡುಗೊರೆಗಳು’ ಹೋಯಿತು, ಅದರಲ್ಲಿದ್ದವೆಲ್ಲ ತಂತಮ್ಮ ವಿಭಾಗಗಳಿಗೆ ಮರಳಿದವು. ಲೋಗೊ ಒತ್ತಿದರೆ ಮುಖಪುಟ ಬರುವಾಗ ಅದಕ್ಕೊಂದು ಸಾಲು ಬೇಕಿರಲಿಲ್ಲ.

ವಿಳಾಸ ಮತ್ತು ಬುಟ್ಟಿ ಈಗ ಮೆನುವಿನ ಹೊರಗೆ, ಸದಾ ಕಾಣುವಂತೆ ಇವೆ. 360 ಪಿಕ್ಸೆಲ್‌ನಲ್ಲಿ ಅಂಚುಗಳ 24 ಕಳೆದರೆ 336. ಲೋಗೊಗೆ 140, ಮೆನು ಗುಂಡಿಗೆ 60, ಬುಟ್ಟಿಯ ಚಿತ್ರಕ್ಕೆ 48 ಹೋದ ಮೇಲೆ ಉಳಿಯುವ 88ರಲ್ಲಿ ‘ವಿಳಾಸ’ದಷ್ಟು ಚಿಕ್ಕ ಪದ ನಿರಾಯಾಸವಾಗಿ ಕೂರುತ್ತದೆ. 320 ಪಿಕ್ಸೆಲ್‌ನ ಹಳೆಯ ಫೋನುಗಳಿಗಾಗಿ ಲೋಗೊವನ್ನು ಕುಗ್ಗಿಸಬೇಕಾಯಿತು. ಅಂಗಡಿಯ ಯಜಮಾನರಿಗೆ ಅದು ಇನ್ನೂ ಒಪ್ಪಿಗೆಯಾಗಿಲ್ಲ. ದಸರೆಯ ಜನಜಂಗುಳಿಯಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಅಂಗಡಿ ಹುಡುಕುವವರಿಗೆ ಲೋಗೊಗಿಂತ ವಿಳಾಸ ಮುಖ್ಯವೆಂಬುದು ನನ್ನ ವಾದ.

ಈ ಥೀಮಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಫೈಲು ತೆರೆದು ತಿದ್ದಬಲ್ಲವರು ನಿಶ್ಚಿಂತೆಯಿಂದ ಕೊಳ್ಳಬಹುದು. ತಿದ್ದಲಾಗದವರು ಕೊಳ್ಳುವ ಮೊದಲು ಮಾದರಿ ಪುಟದ ಮೆನುವಿನಲ್ಲಿ ತಮ್ಮ ಕನ್ನಡ ಹೆಸರುಗಳನ್ನು ಹಾಕಿ ತೋರಿಸುವಂತೆ ಮಾರುವವರನ್ನು ಕೇಳಲಿ, ಫೋನನ್ನು ಅಡ್ಡ ಹಿಡಿದು ಕೊನೆಯ ಸಾಲಿನವರೆಗೂ ಹೋಗಿ ನೋಡಲಿ.