ಡ್ರಾಪ್ಸ್ ಹಾಕಿ ಕಿವಿ ಒಣಗಿದ್ರೆ ವಾಸಿ ಆಯ್ತು ಅಂದ್ಕೋಬೇಡಿ: ಕೊಲೆಸ್ಟಿಯಾಟೋಮಾ ಬಗ್ಗೆ

ನನ್ನ ತಮ್ಮನಿಗೆ ಎಡಗಿವಿ ಸೋರ್ತಾನೇ ಇತ್ತು, ನೋವಿಲ್ಲ ಜ್ವರ ಇಲ್ಲ, ಕೀವೂ ಸ್ವಲ್ಪವೇ, ಆದ್ರೆ ವಾಸನೆ ಮಾತ್ರ ಪಕ್ಕದಲ್ಲಿ ಕೂತೋರಿಗೂ ಗೊತ್ತಾಗೋಷ್ಟು. ತೋರಿಸಿದಾಗೆಲ್ಲ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಇನ್‌ಫೆಕ್ಷನ್ ಅಂತ ಡ್ರಾಪ್ಸ್ ಬರೆದುಕೊಡೋರು, ಹಾಕಿದ್ರೆ ಒಣಗೋದು, ಬಿಟ್ರೆ ಮತ್ತೆ ಸೋರೋದು. ಒಂದ್ಸಲನಾದ್ರೂ ಕಿವಿ ಕ್ಲೀನ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿದ್ರಾ, ಇಲ್ಲ. ನಂಗೆ ಇವತ್ತಿಗೂ ಸಿಟ್ಟು ಇರೋದು ಅದಕ್ಕೇ.

ಕೊನೆಗೆ ಕಿವಿ ಒತ್ತಿದ್ರೆ ಸಾಕು ತಲೆ ಗಿರ್ರ್ ಅನ್ನೋಕೆ ಶುರುವಾಯ್ತು. ಬೇರೆ ಇಎನ್‌ಟಿ ಹತ್ರ ಹೋದ್ವಿ, ಅವರು ಸಕ್ಷನ್ ಹಾಕಿ ಕ್ಲೀನ್ ಮಾಡಿದ್ಮೇಲೆ ಕಿವಿ ತಮಟೆಯ ಮೇಲ್ಭಾಗದಲ್ಲಿ ಒಂದು ಗುಳಿ, ಅದರ ತುಂಬ ಬಿಳೀ ಸಿಪ್ಪೆ ಕಾಣಿಸ್ತು.

ಅವರು ಇದು ಕೊಲೆಸ್ಟಿಯಾಟೋಮಾ ಅಂದ್ರು, ಹೇಳಿದ್ದು ಇಷ್ಟು. ಮೂಗಿನ ಹಿಂದಿನಿಂದ ಕಿವಿಯೊಳಗೆ ಗಾಳಿ ಹೋಗೋ ನಳಿಗೆ ಸರಿ ಕೆಲಸ ಮಾಡದಿದ್ರೆ ತಮಟೆ ಒಳಕ್ಕೆ ಎಳೆದುಕೊಂಡು ಚೀಲ ಆಗುತ್ತೆ. ತಮಟೆಯ ಹೊರಮೈ ಚರ್ಮಾನೇ ಅಲ್ವಾ, ಅದು ಎಲ್ಲಾ ಚರ್ಮದ ಹಾಗೆ ಸತ್ತ ಪದರ ಉದುರಿಸ್ತಾ ಇರುತ್ತೆ, ಚೀಲದ ಬಾಯಿ ಕಿರಿದಾದ್ರೆ ಆ ಕಸ ಹೊರಗೆ ಬರಕ್ಕಾಗದೆ ಒಳಗೇ ಕೂತು ಕೊಳೆಯುತ್ತೆ. ಚೀಲ ದೊಡ್ಡದಾಗ್ತಾ ಸುತ್ತಲಿನ ಮೂಳೆ ಸವೆಸುತ್ತೆ. ಇದು ಕ್ಯಾನ್ಸರ್ ಅಲ್ಲ, ಆದ್ರೆ ತಾನಾಗೇ ನಿಲ್ಲೋದೂ ಅಪರೂಪ. ಡ್ರಾಪ್ಸ್ ಕೀವನ್ನ ಒಣಗಿಸುತ್ತೆ ಅಷ್ಟೇ, ಚರ್ಮದ ಚೀಲ ಕರಗಲ್ಲ, ಅದಕ್ಕೇ ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತೆ. ಅನಸ್ತೇಷಿಯಾ ತಡ್ಕೊಳೋ ಸ್ಥಿತೀಲಿ ಇಲ್ದೋರಿಗೆ ಮಾತ್ರ ಆಗಾಗ ಕ್ಲೀನ್ ಮಾಡಿಸ್ತಾ ಕಾಯ್ತಾರಂತೆ.

ಸಿಟಿ ಸ್ಕ್ಯಾನಲ್ಲಿ ತಮ್ಮನಿಗೆ ಬ್ಯಾಲೆನ್ಸ್ ನೋಡ್ಕೊಳೋ ಒಳಗಿವಿ ಕೊಳವೆಯ ಮೂಳೇಲೇ ತೂತು, ತಲೆಸುತ್ತು ಅದರಿಂದ. ಕಿವಿ ಹಿಂದಿನ ಮೂಳೆ ಕೊರೆದು ಚೀಲ ತೆಗೆದು ಆ ತೂತು ಮುಚ್ಚಿದ್ರು, ಶಬ್ದ ಒಯ್ಯೋ ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದು ಆಗ್ಲೇ ಸವೆದು ಹೋಗಿತ್ತು. ವಿಚಿತ್ರ ಅಂದ್ರೆ ಮುಂಚೆ ಅವನಿಗೆ ಪರವಾಗಿಲ್ಲ ಅನ್ನೋಷ್ಟು ಕೇಳಿಸ್ತಿತ್ತು, ಯಾಕಂದ್ರೆ ಹೋದ ಮೂಳೆ ಜಾಗದಲ್ಲಿ ಆ ಚೀಲಾನೇ ಶಬ್ದ ದಾಟಿಸ್ತಿತ್ತಂತೆ! ತೆಗೆದ್ಮೇಲೆ ಇನ್ನೂ ಕಮ್ಮಿ ಆಯ್ತು. ಮೊದಲ ಉದ್ದೇಶ ರೋಗ ಪೂರ್ತಿ ತೆಗೆಯೋದು, ಕೇಳೋದು ಆಮೇಲೆ ಅಂತ ಸರ್ಜನ್ ಮೊದಲೇ ಹೇಳಿದ್ರು, ಆದ್ರೂ ಅವನಿಗೆ ಬೇಜಾರಾಯ್ತು.

ಚೂರು ಚರ್ಮ ಉಳಿದ್ರೂ ಮತ್ತೆ ಬೆಳೆಯುತ್ತೆ, ಹಾಗಾಗಿ ವರ್ಷಗಟ್ಟಲೆ ಚೆಕಪ್, ಎಂಆರ್‌ಐ ಅಥವಾ ಇನ್ನೊಂದ್ಸಲ ತೆರೆದು ನೋಡೋದೂ ಇರ್ಬಹುದು.

ವಾಸನೆ ಕೀವು ಮರುಕಳಿಸ್ತಿದ್ರೆ ಮೈಕ್ರೋಸ್ಕೋಪಲ್ಲಿ ನೋಡಿ ಅಂತ ಕೇಳಿ, ಜೊತೆಗೆ ಕಿವಿ ಎಷ್ಟು ಕೇಳಿಸುತ್ತೆ ಅಂತ ನೋಡೋ ಆಡಿಯೋಗ್ರಾಮ್ ಮಾಡಿಸಿ. ಕಿವಿ ಸೋರ್ತಿರೋರಿಗೆ ಮುಖ ಒಂದು ಕಡೆ ಸೊಟ್ಟ ಆದ್ರೆ, ತಲೆಸುತ್ತು ಬಂದ್ರೆ, ಇಲ್ಲಾ ಜ್ವರದ ಜೊತೆ ಜೋರು ತಲೆನೋವು ಕತ್ತು ಬಿಗಿತ ಇದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಸೋಂಕು ನರಕ್ಕೋ ಮಿದುಳಿನ ಪೊರೆಗೋ ಮುಟ್ಟಿರಬಹುದು.