ಮಗಳ ಹೆಸರಿನ ಮ್ಯೂಚುವಲ್ ಫಂಡ್ ಖಾತೆ ಹದಿನೆಂಟು ತುಂಬಿದ ದಿನವೇ ನಿಂತುಹೋಯಿತು: ಮಕ್ಕಳ ಹೆಸರಿನಲ್ಲಿ ಹಣ ಕಟ್ಟುತ್ತಿರುವವರು ದಯವಿಟ್ಟು ಓದಿ

ನಾನು ಶಿಡ್ಲಘಟ್ಟದವನು, ರೇಷ್ಮೆ ನೂಲು ಬಿಚ್ಚಾಣಿಕೆ ನಮ್ಮ ಮನೆಯ ಕಸುಬು. ಹನ್ನೆರಡು ವರ್ಷ ತಪ್ಪದೆ ಕಟ್ಟಿದ ಹಣ, ಮಗಳ ಕಾಲೇಜು ಶುಲ್ಕಕ್ಕೆ ಬೇಕಾದ ವಾರದಲ್ಲೇ ಕೈಗೆ ಸಿಗದೆ ಹೋಯಿತು. ಹಣವೇನೂ ಕಳೆದುಹೋಗಲಿಲ್ಲ, ಆದರೆ ನನಗಾದ ಅವಮಾನ ಇನ್ನೊಬ್ಬ ತಂದೆಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

2013ರ ಜುಲೈನಲ್ಲಿ, ಮಗಳಿಗೆ ಇನ್ನೂ ಆರು ತುಂಬುವ ಮೊದಲು, ನಮಗೆ ಪರಿಚಯವಿದ್ದ ಏಜೆಂಟರೊಬ್ಬರು ಮನೆಗೆ ಬಂದು ಅವಳ ಹೆಸರಿನಲ್ಲಿ ತಿಂಗಳಿಗೆ 2,000 ರೂಪಾಯಿಯ ಎಸ್‌ಐಪಿ ಮಾಡಿಸಿದರು. ನನಗೆ ಇಬ್ಬರು ಮಕ್ಕಳು, ಮಗ ಆಗ ಕೈಗೂಸು. "ಈ ದುಡ್ಡು ಇಬ್ಬರಿಗೂ ಆಗಬೇಕು, ಅಗತ್ಯ ಬಿದ್ದರೆ ನಾನು ತೆಗೆಯುವ ಹಾಗಿರಬೇಕು" ಎಂದು ನಾನು ಸ್ಪಷ್ಟವಾಗಿ ಕೇಳಿದ್ದೆ. "ನೀವೇ ಗಾರ್ಡಿಯನ್ ಅಲ್ವಾ ಅಣ್ಣ, ಸಹಿ ನಿಮ್ಮದೇ, ಎಲ್ಲಾ ನಿಮ್ಮ ಕೈಯಲ್ಲೇ ಇರುತ್ತೆ" ಎಂದರು. ನನ್ನ ಪ್ಯಾನ್, ನನ್ನ ಬ್ಯಾಂಕ್ ಖಾತೆ, ಮಗಳ ಜನನ ಪ್ರಮಾಣಪತ್ರ ಕೊಟ್ಟೆ, ಅವರು ತೋರಿಸಿದ ಕಡೆ ಸಹಿ ಹಾಕಿದೆ. ಗೂಡಿನ ದರ ಏರಿ ನಮಗೆ ಏನೂ ಉಳಿಯದ ತಿಂಗಳಲ್ಲೂ ಐದನೇ ತಾರೀಕಿಗೆ ಖಾತೆಯಲ್ಲಿ ಎರಡು ಸಾವಿರ ಇರುವಂತೆ ನೋಡಿಕೊಂಡಿದ್ದೇನೆ. 2025ರ ಆಗಸ್ಟ್ ಐದರವರೆಗೆ 146 ಕಂತು, ಅಂದರೆ 2,92,000 ರೂಪಾಯಿ ಕಟ್ಟಿದ್ದೆ. ಅದರ ಬೆಲೆ ಆರು ಲಕ್ಷ ದಾಟಿತ್ತು.

ಮಗಳ ಪಿಯುಸಿ ಮುಗಿಯಿತು. ಕಾಲೇಜಿಗೆ 1,80,000 ರೂಪಾಯಿಯನ್ನು ಆಗಸ್ಟ್ 25ರೊಳಗೆ ಕಟ್ಟಬೇಕಿತ್ತು. ನಾನು ಕೊನೆಯ ಗಳಿಗೆಯವರೆಗೆ ಸುಮ್ಮನೆ ಕೂತವನಲ್ಲ, ಜುಲೈ ಮೊದಲ ವಾರದಲ್ಲೇ ಏಜೆಂಟರಿಗೆ ಫೋನ್ ಮಾಡಿ ಎರಡು ಲಕ್ಷ ತೆಗೆಸಿಕೊಡಿ ಎಂದು ಕೇಳಿದೆ. ಅವರು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ. "ಆಗಸ್ಟ್ ಹನ್ನೊಂದಕ್ಕೆ ಮಗಳಿಗೆ ಹದಿನೆಂಟು ತುಂಬುತ್ತೆ. ಈಗ ತೆಗೆದರೆ ಲಾಭ ನಿಮ್ಮ ಆದಾಯಕ್ಕೆ ಸೇರುತ್ತೆ, ಆಮೇಲೆ ತೆಗೆದರೆ ಅವಳ ಲೆಕ್ಕಕ್ಕೆ ಹೋಗುತ್ತೆ, ತೆರಿಗೆ ಉಳಿಯುತ್ತೆ. ಒಂದು ತಿಂಗಳು ತಡೆಯಿರಿ."

ಈ ಮಾತು ಸುಳ್ಳಲ್ಲ, ಮತ್ತು ನನಗೆ ಹೆಚ್ಚು ಸಿಟ್ಟು ತರಿಸುವುದೂ ಅದೇ. ಮಗು ಮೈನರ್ ಆಗಿರುವಷ್ಟು ದಿನ ಅದರ ಹೂಡಿಕೆಯಿಂದ ಬಂದ ಲಾಭವನ್ನು ತಂದೆ ತಾಯಿಯಲ್ಲಿ ಹೆಚ್ಚು ಆದಾಯವಿರುವವರ ಆದಾಯಕ್ಕೆ ಸೇರಿಸುತ್ತಾರೆ, ಹದಿನೆಂಟಾದ ಮೇಲೆ ತೆಗೆದರೆ ಅದು ಮಗುವಿನದೇ ಆದಾಯ. ಆದರೆ ಅವರು ಹೇಳಿದ್ದು ಅರ್ಧ ಮಾತ್ರ. ಹದಿನೆಂಟು ತುಂಬಿದ ದಿನದಿಂದ ಗಾರ್ಡಿಯನ್ ಸಹಿಗೆ ಬೆಲೆಯಿಲ್ಲ, ಖಾತೆಯನ್ನು ಮೈನರ್‌ನಿಂದ ಮೇಜರ್‌ಗೆ ಬದಲಾಯಿಸುವವರೆಗೆ ಒಂದು ರೂಪಾಯಿ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ ಎಂಬ ಉಳಿದರ್ಧವನ್ನು ಅವರು ಹೇಳಲೇ ಇಲ್ಲ. ಶುಲ್ಕದ ಕೊನೆಯ ದಿನ ಅವರಿಗೆ ಗೊತ್ತಿತ್ತು. ಮಗಳ ಹುಟ್ಟಿದ ದಿನವೂ ಗೊತ್ತಿತ್ತು. ಎರಡರ ನಡುವೆ ಇದ್ದದ್ದು ಹದಿನಾಲ್ಕೇ ದಿನ.

ಆಗಸ್ಟ್ 13ರಂದು ಹಣ ತೆಗೆಯುವ ಅರ್ಜಿಗೆ ನಾನೇ ಸಹಿ ಹಾಕಿ ಅವರ ಕೈಗೆ ಕೊಟ್ಟೆ. ಎರಡು ದಿನವಾಯಿತು, ನಾಲ್ಕು ದಿನವಾಯಿತು, ಹಣ ಬರಲಿಲ್ಲ, ಕೇಳಿದಾಗಲೆಲ್ಲ "ಪ್ರೊಸೆಸ್‌ನಲ್ಲಿದೆ" ಎನ್ನುತ್ತಿದ್ದರು. ಹತ್ತೊಂಬತ್ತರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಬಸ್ ಹತ್ತಿ ಬೆಂಗಳೂರಿನ ಸೇವಾ ಕೇಂದ್ರಕ್ಕೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಫೋಲಿಯೊ, ಅಂದರೆ ಫಂಡ್ ಖಾತೆಯ ಸಂಖ್ಯೆ ಹಾಕಿ ನೋಡಿ, ಅರ್ಜಿ ತಿರಸ್ಕೃತವಾಗಿದೆ ಎಂದರು. ಯಾಕೆ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು: "ಸರ್, ಈ ಹಣ ನಿಮ್ಮದಲ್ಲ, ನಿಮ್ಮ ಮಗಳದು. ಅವರು ಮೇಜರ್ ಆಗಿದ್ದಾರೆ. ನಿಮ್ಮ ಸಹಿ ನಡೆಯಲ್ಲ."

ನನ್ನ ಪಕ್ಕದ ಕುರ್ಚಿಯಲ್ಲಿ ಮಗಳು ಕೂತಿದ್ದಳು. ಹನ್ನೆರಡು ವರ್ಷ ಕಟ್ಟಿದವನು ನಾನು ಎಂದು ಹೇಳಲು ಹೋದೆ, ಮಾತು ಹೊರಡಲಿಲ್ಲ. "ಕಟ್ಟಿದವರು ಯಾರೇ ಆಗಲಿ ಸರ್, ಮೈನರ್ ಹೆಸರಲ್ಲಿ ಹಾಕಿದ ದಿನದಿಂದಲೇ ಅದು ಮಗುವಿನದು. ಗಾರ್ಡಿಯನ್ ಅಂದರೆ ಅವರ ಪರವಾಗಿ ನೋಡಿಕೊಳ್ಳುವವರು ಅಷ್ಟೇ" ಎಂದು ಸ್ಟೇಟ್‌ಮೆಂಟ್ ಮುದ್ರಿಸಿ ನನ್ನ ಮುಂದಿಟ್ಟರು. ಹೂಡಿಕೆದಾರರು ಎಂಬಲ್ಲಿ ಮಗಳ ಹೆಸರೊಂದೇ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಗಾರ್ಡಿಯನ್ ಎಂದು ನನ್ನ ಹೆಸರು. ಮೈನರ್ ಖಾತೆಯಲ್ಲಿ ಜಂಟಿ ಹೆಸರೂ ಇರುವುದಿಲ್ಲ, ನಾಮಿನಿಯೂ ಇರುವುದಿಲ್ಲ ಎಂದು ನನಗೆ ತಿಳಿದದ್ದು ಅಲ್ಲಿ. ಇಬ್ಬರು ಮಕ್ಕಳಿಗೂ ಎಂದುಕೊಂಡು ಕೂಡಿಸಿದ ಹಣದಲ್ಲಿ ಮಗನಿಗೆ ಹಕ್ಕಿನ ಪಾಲೇ ಇಲ್ಲ ಎಂಬುದೂ ಅಲ್ಲೇ ತಿಳಿಯಿತು. ಇನ್ನು ಅಕ್ಕ ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದೇ ಹಾಳೆಯಲ್ಲಿ ಇನ್ನೊಂದು ಕಂಡಿತು. ಇಮೇಲ್ ಎಂಬಲ್ಲಿ ಏಜೆಂಟರ ಕಚೇರಿಯ ವಿಳಾಸವಿತ್ತು, ಮೊಬೈಲ್ ಸಂಖ್ಯೆಯೂ ಅವರದೇ. ಮಗುವಿಗೆ ಹದಿನೆಂಟು ತುಂಬುವ ಮೊದಲೇ ಫಂಡ್ ಕಂಪನಿ ನೋಂದಾಯಿತ ವಿಳಾಸಕ್ಕೆ ತಿಳಿವಳಿಕೆ ಪತ್ರ ಕಳಿಸುತ್ತದೆ, ನಮಗೂ ಕಳಿಸಿತ್ತು. ಅದು ಹೋದದ್ದು ಏಜೆಂಟರಿಗೆ. ನನಗೆ ಬರಬೇಕಾದ ಎಚ್ಚರಿಕೆ ಅವರ ಬಳಿ ಬಿದ್ದಿರುವಾಗಲೇ ಅವರು ನನಗೆ "ಒಂದು ತಿಂಗಳು ತಡೆಯಿರಿ" ಎಂದು ಹೇಳಿದ್ದರು. ಮೋಸ ಹೋದೆ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಹಣ ಸಿಗದಿದ್ದಾಗಲ್ಲ, ಆ ಇಮೇಲ್ ವಿಳಾಸ ಓದಿದಾಗ.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು "ಪತ್ರ ಬಂದಿರಬೇಕಲ್ಲ ಅಣ್ಣ, ನೀವು ನೋಡಿಲ್ಲವೇನೋ" ಎಂದರು. ಇಮೇಲ್ ನಿಮ್ಮದಿದೆ ಎಂದೆ. "ಆಗ ನಿಮ್ಮ ಹತ್ತಿರ ಇಮೇಲ್ ಇರಲಿಲ್ಲ, ಅದಕ್ಕೆ ನಮ್ಮದು ಹಾಕಿದ್ವಿ" ಎಂದರು. ಹೋಗಲಿ, ಹಣ ಮಗಳದೇ ಎಂದು ಅವತ್ತೇ ಯಾಕೆ ಹೇಳಲಿಲ್ಲ ಎಂದರೆ, "ಮಗಳ ಹೆಸರಲ್ಲಿ ಹಾಕಿದ ಮೇಲೆ ಮಗಳದೇ ಅಲ್ವಾ, ಅದನ್ನೂ ಹೇಳಬೇಕಾ?" ಎಂದು ನನ್ನನ್ನೇ ಕೇಳಿದರು. ಎಲ್ಲಾ ನಿಮ್ಮ ಕೈಯಲ್ಲೇ ಇರುತ್ತೆ ಎಂದವರೂ ಇವರೇ.

ಮಗಳ ಮುಂದಿದ್ದ ಕೆಲಸ ಒಂದಾದ ಮೇಲೊಂದು ಆಗಬೇಕಿತ್ತು, ಒಂದು ಮುಗಿಯದೆ ಇನ್ನೊಂದು ಸಾಗುವಂತಿರಲಿಲ್ಲ. ಮೊದಲು ಅವಳ ಹೆಸರಿಗೆ ಪ್ಯಾನ್ ಮಾಡಿಸಿದೆವು. ಆಮೇಲೆ ಶಾಲೆಯ ದಿನಗಳಲ್ಲಿ ತೆರೆದಿದ್ದ ಅವಳ ಬ್ಯಾಂಕ್ ಖಾತೆಯನ್ನು ಮೇಜರ್ ಖಾತೆಯಾಗಿ ಬದಲಾಯಿಸಿದೆವು, ಏಕೆಂದರೆ ಅಲ್ಲಿಯೂ ನಾನೇ ಗಾರ್ಡಿಯನ್ ಆಗಿದ್ದೆ. ಅದಾದ ಮೇಲೆ ಅವಳದೇ ಕೆವೈಸಿ. ಕೊನೆಗೆ ಮೈನರ್‌ನಿಂದ ಮೇಜರ್‌ಗೆ ಬದಲಾಯಿಸುವ ಅರ್ಜಿ, ಅದರ ಜೊತೆ ಅವಳ ಹೆಸರು ಮುದ್ರಿತವಾಗಿರುವ ರದ್ದು ಮಾಡಿದ ಚೆಕ್, ಬ್ಯಾಂಕ್ ಮ್ಯಾನೇಜರು ದೃಢೀಕರಿಸಿದ ಅವಳ ಸಹಿ.

ಆ ಅರ್ಜಿಯೂ ಒಮ್ಮೆ ವಾಪಸು ಬಂತು. ಜನನ ಪ್ರಮಾಣಪತ್ರ ನೋಡಿ ತೆರೆದ ಫೋಲಿಯೊದಲ್ಲಿ ಅವಳ ಹೆಸರಿನ ಮುಂದೆ ನನ್ನ ಪೂರ್ತಿ ಹೆಸರಿತ್ತು, ಆಧಾರ್‌ನಲ್ಲಿ ಹೆಸರಿನ ಹಿಂದೆ ಒಂದೇ ಇನಿಷಿಯಲ್ ಇತ್ತು, ಪ್ಯಾನ್ ಆಧಾರ್‌ನಂತೆಯೇ ಬಂದಿತ್ತು. ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗುವುದನ್ನು ಯಾರೂ ದೊಡ್ಡದು ಮಾಡುವುದಿಲ್ಲ, ಆದರೆ ಅಲ್ಲಿ ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಇಬ್ಬರೂ ಒಬ್ಬಳೇ ಎಂದು ತೋರಿಸುವ ದಾಖಲೆ ಕೊಟ್ಟ ಮೇಲೆಯೇ ಕೆಲಸ ಮುಂದೆ ಹೋಯಿತು. ಹಣ ಅವಳ ಖಾತೆಗೆ ಬಿದ್ದದ್ದು ಸೆಪ್ಟೆಂಬರ್ 26ಕ್ಕೆ. ಶುಲ್ಕದ ಕೊನೆಯ ದಿನ ಕಳೆದು ಒಂದು ತಿಂಗಳ ಮೇಲಾಗಿತ್ತು.

ಶುಲ್ಕವನ್ನೇನೋ ನಾವು ಹೊತ್ತಿಗೆ ಕಟ್ಟಿದ್ದೆವು. ನನ್ನ ಹೆಂಡತಿ ತನ್ನ ಸರವನ್ನು ಅಡವಿಟ್ಟು ಒಂದೂವರೆ ಲಕ್ಷ ತಂದಳು. ಬಡ್ಡಿ ದೊಡ್ಡದೇನಲ್ಲ, ಆದರೆ ಆರು ಲಕ್ಷ ಇಟ್ಟುಕೊಂಡವರು ಕತ್ತಿನ ಸರ ಬಿಚ್ಚಿಕೊಡಬೇಕಾಯಿತಲ್ಲ ಎಂಬ ನೋವು ದೊಡ್ಡದು.

ಮಗಳ ಬಗ್ಗೆ ನನಗೆ ದೂರಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ "ಅಪ್ಪಾ, ನೀನು ಹೇಳಿದ ಕಡೆ ಸಹಿ ಹಾಕ್ತೀನಿ, ತಮ್ಮನಿಗೂ ಇರಲಿ" ಎಂದಳು. ಅವಳು ಹಾಗೆ ಹೇಳಿದಳು, ಸರಿ. ಅವಳು ಹಾಗೆ ಹೇಳದೆ ಹೋಗಿದ್ದರೆ ಕೇಳುವ ಅಧಿಕಾರ ನನಗಿರಲಿಲ್ಲ, ಹದಿನೆಂಟರ ಹುಡುಗ ಹುಡುಗಿಯರೆಲ್ಲ ಒಂದೇ ತರಹ ಇರುವುದೂ ಇಲ್ಲ. ಹಾಗಾಗಿ ಹಣವನ್ನು ಮಗುವಿಗೆ ಪೂರ್ತಿ ಬಿಟ್ಟುಕೊಡುವ ಮನಸ್ಸಿದ್ದರೆ ಮಾತ್ರ ಮಗುವಿನ ಹೆಸರಿನಲ್ಲಿ ಹಾಕಿ. ಯಾವಾಗ, ಎಷ್ಟು, ಯಾರಿಗೆ ಎಂಬ ತೀರ್ಮಾನ ನಿಮ್ಮದಾಗಿರಬೇಕೆಂದರೆ ನಿಮ್ಮ ಹೆಸರಿನಲ್ಲೇ ಹಾಕಿ ಮಗುವನ್ನು ನಾಮಿನಿ ಮಾಡಿ. ಇದನ್ನು ನನಗೆ 2013ರಲ್ಲೇ ಹೇಳಬಹುದಿತ್ತು, ಎರಡು ನಿಮಿಷದ ಮಾತು.

ಈಗಾಗಲೇ ಮಗುವಿನ ಹೆಸರಿನಲ್ಲಿ ಹಾಕಿರುವವರು, ಹದಿನೆಂಟಕ್ಕೆ ಮೊದಲೇ ಹಣ ಬೇಕಾಗುವುದಿದ್ದರೆ, ಮಗುವಿನ ಬ್ಯಾಂಕ್ ಖಾತೆಯನ್ನು ಫೋಲಿಯೊಗೆ ಈಗಲೇ ಸೇರಿಸಿಕೊಳ್ಳಿ. ಮ್ಯೂಚುವಲ್ ಫಂಡ್‌ಗಳನ್ನು ನಿಯಂತ್ರಿಸುವ ಸೆಬಿಯ 2023ರ ಸುತ್ತೋಲೆಯ ಪ್ರಕಾರ ಕಂತು ತಂದೆ ತಾಯಿಯ ಖಾತೆಯಿಂದ ಹೋಗಬಹುದು, ಆದರೆ ತೆಗೆದ ಹಣ ಮಗುವಿನ ಖಾತೆಗೇ ಬರಬೇಕು. ನನ್ನ ಫೋಲಿಯೊದಲ್ಲಿ 2013ರಿಂದ ನನ್ನ ಖಾತೆಯೇ ಕೂತಿತ್ತು, ಜುಲೈನಲ್ಲಿ ಅದನ್ನು ಬದಲಾಯಿಸಿಕೊಳ್ಳಲು ಸಾಕಷ್ಟು ದಿನಗಳಿದ್ದವು. ಹೇಳಬೇಕಾದವರು ಅದನ್ನೂ ಹೇಳಲಿಲ್ಲ.

ಮಗನ ಹೆಸರಿನಲ್ಲೂ 2017ರಲ್ಲಿ ಅದೇ ಏಜೆಂಟರು ಒಂದು ಎಸ್‌ಐಪಿ ಮಾಡಿಸಿದ್ದರು. ಕಳೆದ ತಿಂಗಳು ಅದರ ಸ್ಟೇಟ್‌ಮೆಂಟ್ ತರಿಸಿ ನೋಡಿದೆ. ಅದರಲ್ಲೂ ಇಮೇಲ್ ಅವರದೇ, ಮೊಬೈಲ್ ಅವರದೇ. ಎರಡನ್ನೂ ಬದಲಾಯಿಸಿದ್ದೇನೆ, ಕಂತನ್ನು ನಿಲ್ಲಿಸಿ ಅಷ್ಟೇ ಹಣವನ್ನು ನನ್ನ ಹೆಸರಿನಲ್ಲಿ ಕಟ್ಟಲು ಶುರು ಮಾಡಿದ್ದೇನೆ. ನಿಮ್ಮ ಮಗುವಿನ ಸ್ಟೇಟ್‌ಮೆಂಟ್ ಮನೆಯಲ್ಲಿದ್ದರೆ ಇವತ್ತೇ ತೆಗೆದು, ಆ ಎರಡು ಸಾಲುಗಳಲ್ಲಿ ಯಾರ ವಿಳಾಸ, ಯಾರ ನಂಬರ್ ಇದೆ ಎಂದು ಓದಿ ನೋಡಿ.